ಹೆಸರು ಹೇಳುವಾಗ ಇದ್ದಷ್ಟೇ ಹೇಳೋಣ

(ಉದ್ಯೋಗ ಮಾರ್ಗದರ್ಶನ ಶಿಬಿರದಲ್ಲಿ ಪದವಿ ಮುಗಿಸಿದ ಯುವಕ ಯುವತಿಯರಿಗೆ ಸಂಸ್ಥೆಯ ಧರ್ಮಭಗಿನಿಯೊಬ್ಬರು ನೀಡಿದ ಉಪನ್ಯಾಸ)



ಬಯೋಡಾಟಾ ಹೇಗೆ ಬರೆಯಬೇಕು ಅಂತ ಬೆಳಿಗ್ಗೆ ನಿಮಗೆ ಹೇಳಿಕೊಟ್ಟಿದ್ದಾರೆ. ಊಟವಾದ ಮೇಲಿನ ಈ ಒಂದು ಗಂಟೆ ನನ್ನ ಪಾಲಿಗೆ ಬಂದಿದೆ. ನಿದ್ದೆ ಬರುವ ಹೊತ್ತು ಅಂತ ನನಗೂ ಗೊತ್ತು. ಆದ್ದರಿಂದ ಉಪದೇಶ ಬೇಡ, ಒಂದು ಪತ್ರದ ಕಥೆ ಹೇಳ್ತೇನೆ.

ಕೆಲವು ತಿಂಗಳ ಹಿಂದೆ ಬಿ.ಎಸ್.ಡಬ್ಲ್ಯೂ. ಮುಗಿಸಿದ ಒಬ್ಬ ಹುಡುಗಿ ನನ್ನ ಬಳಿ ಬಂದಿದ್ದಳು. ಉತ್ತರ ಕರ್ನಾಟಕದ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಮಹಿಳಾ ಸಂಘಗಳ ಕೆಲಸ ನೋಡಿಕೊಳ್ಳುವ ಕ್ಷೇತ್ರ ಕಾರ್ಯಕರ್ತೆ ಬೇಕಾಗಿದ್ದಾರೆ ಅಂತ ಅವಳಿಗೆ ತಿಳಿದಿತ್ತು. ಅಲ್ಲಿನ ನಿರ್ದೇಶಕರಿಗೆ ಒಂದು ಪತ್ರ ಬರೆದುಕೊಂಡು ಬಂದು, "ಸಿಸ್ಟರ್, ಸ್ವಲ್ಪ ನೋಡಿಕೊಡಿ" ಅಂದಳು. ಪತ್ರದ ಮೊದಲ ಮೂರು ಸಾಲು ಹೀಗಿತ್ತು:

"ನಿಮ್ಮ ಸಂಸ್ಥೆಯ ತರಬೇತಿ ವಿಭಾಗದ ಮೇಡಂ ಅವರಿಗೆ ನಾನು ತುಂಬಾ ಬೇಕಾದವಳು. ಅವರೇ ನಿಮಗೆ ಬರೆಯಲು ಹೇಳಿದ್ದಾರೆ. ನಾವಿಬ್ಬರೂ ಒಂದೇ ಕಾಲೇಜಿನವರು ಎಂಬುದು ನನಗೆ ಹೆಮ್ಮೆ."

ಅಕ್ಷರ ಚೆನ್ನಾಗಿತ್ತು, ತಪ್ಪಿಲ್ಲದ ಕನ್ನಡ. ನಾನು ಕೇಳಿದೆ, "ಮಗಳೇ, ಆ ಮೇಡಂ ನಿನಗೆ ಹೇಗೆ ಪರಿಚಯ?" ಹಿಂದಿನ ವರ್ಷ ಎರಡು ದಿನದ ತರಬೇತಿ ಕೊಡಲು ಅವರು ಬಂದಿದ್ದರಂತೆ. ಹಾಲ್‌ನಲ್ಲಿ ನಲವತ್ತು ಜನ ಇದ್ದರು. ಇವಳು ಒಂದು ಪ್ರಶ್ನೆ ಕೇಳಿದ್ದಳು, ಊಟದ ಸಾಲಿನಲ್ಲಿ ಎರಡು ಮಾತಾಡಿದ್ದಳು. "ಬರೆಯಲು ಹೇಳಿದ್ದು ಯಾವಾಗ?" ಅಂದೆ. ತರಬೇತಿಯ ಕೊನೆಯಲ್ಲಿ ಎಲ್ಲರಿಗೂ, "ಕೆಲಸ ಬೇಕಾದವರು ನಮ್ಮಂಥ ಸಂಸ್ಥೆಗಳಿಗೆ ಅರ್ಜಿ ಹಾಕಿ" ಅಂತ ಹೇಳಿದ್ದರಂತೆ. ಕಾಲೇಜು? ನಿರ್ದೇಶಕರು ಓದಿದ ಕಾಲೇಜಿನಲ್ಲೇ ಇವಳೂ ಓದಿದ್ದು ನಿಜ. ಆದರೆ ಅವರು ಅಲ್ಲಿಂದ ಹೊರಟು ಹದಿನಾಲ್ಕು ವರ್ಷ ಆದ ಮೇಲೆ ಇವಳು ಸೇರಿದ್ದು.

ನೋಡಿ, ಮೂರು ಸಾಲಿನಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದು ಒಂದೂ ಇಲ್ಲ. ತರಬೇತಿ ನಡೆದಿತ್ತು, ಮೇಡಂ ಆ ಮಾತು ಹೇಳಿದ್ದರು, ಕಾಲೇಜು ಒಂದೇ. ಆದರೆ ಓದಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಮಾತ್ರ ಬೇರೆ. ಈ ಹುಡುಗಿಯನ್ನು ಮೇಡಂ ಚೆನ್ನಾಗಿ ಬಲ್ಲರು, ನೋಡಿ ಮೆಚ್ಚಿ ಕಳಿಸಿದ್ದಾರೆ ಅಂತ ಅವರು ತಿಳಿದುಕೊಳ್ಳುತ್ತಾರೆ. ಸಮಸ್ಯೆ ಇರುವುದು ಇಲ್ಲೇ. ನಾವು ಬರೆದ ಮಾತು ನಿಜವೋ ಅಂತ ಕೇಳಿಕೊಂಡರೆ ಸಾಲದು, ಓದಿದವರು ಏನು ಅಂತ ತಿಳಿದುಕೊಳ್ಳುತ್ತಾರೆ ಅಂತಲೂ ಕೇಳಿಕೊಳ್ಳಬೇಕು.

ಅವಳನ್ನು ಬೈಯುವ ಅಧಿಕಾರ ನನಗಿಲ್ಲ. ಯಾಕೆಂದರೆ ಇದೇ ತಪ್ಪು ನಾನೂ ಮಾಡಿದ್ದೇನೆ.

1998ರ ಮಾತು. ಎಂ.ಎಸ್.ಡಬ್ಲ್ಯೂ. ಮುಗಿಸಿ ಕೆಲಸಕ್ಕೆ ಇಳಿದ ಹೊಸತು. ಹನ್ನೊಂದು ಮಂದಿ ವಿಧವೆಯರ ವೇತನದ ಅರ್ಜಿ ಹಿಡಿದುಕೊಂಡು ಒಂದು ಕಚೇರಿಗೆ ಹೋಗಿದ್ದೆ. ಒಳಗೆ ಬಿಡಲು ತಡ ಮಾಡಿದರು. ಹೊರಗೆ ಕೂತಿದ್ದ ಗುಮಾಸ್ತರಿಗೆ, "ಸಾಹೇಬರು ನನ್ನ ಕ್ಲಾಸ್‌ಮೇಟ್" ಅಂದುಬಿಟ್ಟೆ. ತಕ್ಷಣ ಬಾಗಿಲು ತೆರೆಯಿತು. ಆ ಅಧಿಕಾರಿ ಓದಿದ್ದು ನಾನು ಓದಿದ ವಿಶ್ವವಿದ್ಯಾನಿಲಯದಲ್ಲೇ, ಆದರೆ ಬೇರೆ ವಿಭಾಗ, ನನಗಿಂತ ಎರಡು ವರ್ಷ ಮುಂದೆ. ಒಂದು ಸಲವೂ ಮಾತಾಡಿದವರಲ್ಲ. ಅವರು ನಗುತ್ತಲೇ, "ಯಾವ ಬ್ಯಾಚು ಸಿಸ್ಟರ್? ನನಗೆ ನೆನಪಾಗ್ತಾ ಇಲ್ಲ" ಅಂದರು. ನನ್ನ ಮುಖ ಕೆಂಪಾಯಿತು. ಏನೋ ತೊದಲಿದೆ. ಅವರು ಒಳ್ಳೆಯವರು, ಹೆಚ್ಚು ಕೆದಕಲಿಲ್ಲ, ಅರ್ಜಿಗಳನ್ನೂ ತೆಗೆದುಕೊಂಡರು. ಆದರೆ ಆಮೇಲೆ ನಾನು ಕೊಟ್ಟ ಪ್ರತಿಯೊಂದು ಕಾಗದವನ್ನೂ ಎರಡೆರಡು ಸಲ ತಾಳೆ ನೋಡಿಸಿದರು. ಅರ್ಜಿಗಳಲ್ಲಿ ಏನೂ ದೋಷ ಇರಲಿಲ್ಲ. ದೋಷ ಇದ್ದದ್ದು ನನ್ನ ಬಾಯಲ್ಲಿ. ಅದಕ್ಕೆ ಬೆಲೆ ಕೊಟ್ಟವರು ಮಾತ್ರ ಆ ಹನ್ನೊಂದು ಮಂದಿ ತಾಯಂದಿರು. ದಿನಗೂಲಿ ಬಿಟ್ಟು ಮತ್ತೊಂದು ಸಲ ಬಸ್ಸು ಹತ್ತಿ ಬರಬೇಕಾಯಿತು.

"ಎರಡು ವರ್ಷ ಮುಂದಿನ ಬ್ಯಾಚಿನವರು, ನನಗೆ ನೇರ ಪರಿಚಯ ಇಲ್ಲ" ಅಂದಿದ್ದರೆ ಏನಾಗುತ್ತಿತ್ತು? ಪ್ರಾಯಶಃ ಅರ್ಧ ಗಂಟೆ ಹೆಚ್ಚು ಕಾಯಬೇಕಾಗುತ್ತಿತ್ತು, ಅಷ್ಟೇ.

ಈಗ ಆ ಹುಡುಗಿಯ ಪತ್ರಕ್ಕೆ ಬರೋಣ. ನಾವಿಬ್ಬರೂ ಕೂತು ಏನೇನು ಮಾಡಿದೆವು ಅಂತ ಒಂದೊಂದಾಗಿ ಹೇಳ್ತೇನೆ.

ಮೊದಲು ಸಂಬಂಧವನ್ನು ಅಳೆದೆವು. ನಮ್ಮ ಕನ್ನಡದಲ್ಲಿ ಪರಿಚಯಕ್ಕೆ ಎಷ್ಟೊಂದು ಮೆಟ್ಟಿಲುಗಳಿವೆ ನೋಡಿ. "ಅವರ ಹೆಸರು ಕೇಳಿದ್ದೇನೆ" ಅನ್ನುವುದು ಒಂದು. "ಮುಖಪರಿಚಯ ಇದೆ" ಅನ್ನುವುದು ಅದಕ್ಕಿಂತ ಮೇಲೆ. "ಅವರಿಗೆ ನನ್ನ ಪರಿಚಯ ಇದೆ" ಅಂದರೆ ಅವರೂ ನಮ್ಮನ್ನು ಗುರುತಿಸಬೇಕು. "ಅವರ ಕೈಕೆಳಗೆ ಕೆಲಸ ಮಾಡಿದ್ದೇನೆ" ಅಂದರೆ ನಮ್ಮ ಕೆಲಸವನ್ನು ಅವರು ನೋಡಿದ್ದಾರೆ ಅಂತ ಅರ್ಥ. "ಬೇಕಾದವರು" ಅಂದರೆ ಮನೆಮಂದಿಯ ಹಾಗೆ. ನಾವು ಎಡವುವುದು ಸಾಮಾನ್ಯವಾಗಿ ಒಂದೇ ಮೆಟ್ಟಿಲಿನಲ್ಲಿ. ಮುಖಪರಿಚಯ ಇದ್ದಲ್ಲಿ ಪರಿಚಯ ಅಂತೀವಿ, ಪರಿಚಯ ಇದ್ದಲ್ಲಿ ಬೇಕಾದವರು ಅಂತೀವಿ. ಒಂದೇ ಮೆಟ್ಟಿಲು ಅಲ್ವಾ ಅನ್ನಿಸುತ್ತದೆ. ಆದರೆ ಆ ಕಡೆಯವರು ಫೋನ್ ಮಾಡಿ ಕೇಳಿದಾಗ ಆ ಒಂದು ಮೆಟ್ಟಿಲೇ ಕಾಲು ಜಾರಿಸುವುದು.

ಇದರ ಜೊತೆಗೆ ಇನ್ನೆರಡು ಮಾತು ಹುಷಾರಾಗಿ ಬಳಸಬೇಕು. "ಅವರಿಂದ ವಿಷಯ ತಿಳಿಯಿತು" ಅನ್ನುವುದಕ್ಕೂ "ಅವರು ಹೇಳಿ ಕಳಿಸಿದ್ದಾರೆ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದರಲ್ಲಿ ಅವರ ಜವಾಬ್ದಾರಿ ಏನೂ ಇಲ್ಲ. ಎರಡನೆಯದರಲ್ಲಿ ಅವರು ನಿಮ್ಮ ಪರವಾಗಿ ಮಾತು ಕೊಟ್ಟ ಹಾಗೆ ಆಗುತ್ತದೆ. ನಲವತ್ತು ಜನರಿಗೆ ಒಟ್ಟಿಗೆ ಹೇಳಿದ ಮಾತನ್ನು ನಮ್ಮೊಬ್ಬರಿಗೇ ಹೇಳಿದ ಹಾಗೆ ಬರೆಯಬಾರದು.

ಈ ಅಳತೆಯಲ್ಲಿ ನೋಡಿದಾಗ ನಮ್ಮ ಹುಡುಗಿಗೆ ಮೇಡಂ ಜೊತೆ ಇದ್ದದ್ದು ಮುಖಪರಿಚಯ ಮಾತ್ರ. ಅವಳೇ ಒಪ್ಪಿಕೊಂಡಳು.

ಎರಡನೆಯದು, ಅನುಮತಿ. "ಮೇಡಂಗೆ ಫೋನ್ ಮಾಡು" ಅಂದೆ. ಅವಳಿಗೆ ಭಯ. "ಅವರಿಗೆ ನೆನಪಿಲ್ಲದಿದ್ದರೆ ಸಿಸ್ಟರ್?" ಅಂದಳು. ಅವರಿಗೆ ನೆನಪಿಲ್ಲ ಅನ್ನುವುದು ಪತ್ರ ಹೋಗುವ ಮೊದಲೇ ಗೊತ್ತಾದರೆ ಒಳ್ಳೆಯದಲ್ಲವೇ? ನಿರ್ದೇಶಕರು ಪತ್ರ ಓದಿ, ಪಕ್ಕದ ಕೋಣೆಯಲ್ಲಿ ಕೂತ ಅದೇ ಮೇಡಂ ಅವರನ್ನು ಕರೆದು, "ಇದು ಯಾರಮ್ಮ?" ಅಂತ ಕೇಳುತ್ತಾರೆ. ಆಗ ಅವರು "ಗೊತ್ತಿಲ್ಲ" ಅಂದರೆ ಪತ್ರ ಅಲ್ಲಿಗೇ ಮುಗಿಯಿತು. ಹೆಸರು ಓದಿದವರು ವಿಚಾರಿಸಿಯೇ ವಿಚಾರಿಸುತ್ತಾರೆ ಅಂತ ಇಟ್ಟುಕೊಂಡು ಬರೆಯಿರಿ.

ಫೋನಿನಲ್ಲಿ ಏನು ಹೇಳಬೇಕು ಅಂತ ಮೊದಲೇ ಬರೆದುಕೊಂಡಳು. "ನಮಸ್ಕಾರ ಮೇಡಂ. ಕಳೆದ ವರ್ಷ ನೀವು ಕೊಟ್ಟ ಎರಡು ದಿನದ ತರಬೇತಿಯಲ್ಲಿ ನಾನಿದ್ದೆ. ಸಾಲದ ಕಂತು ಬಾಕಿಯಾದಾಗ ನಿರ್ಣಯ ಪುಸ್ತಕದಲ್ಲಿ ಹೇಗೆ ಬರೆಯಬೇಕು ಅಂತ ಕೇಳಿದ್ದೆ. ನಿಮ್ಮ ಸಂಸ್ಥೆಗೆ ಅರ್ಜಿ ಹಾಕ್ತಾ ಇದ್ದೇನೆ. ನಿಮ್ಮ ತರಬೇತಿಯಲ್ಲಿ ಇದ್ದೆ ಅಂತ ನಿಮ್ಮ ಹೆಸರು ಬರೆಯಬಹುದಾ? ಬೇಡ ಅಂದರೂ ಏನೂ ಬೇಜಾರಿಲ್ಲ."

ಈ ಮಾತಿನ ಕೊನೆಯ ಸಾಲು ಬಿಡಬೇಡಿ. ಬೇಡ ಅನ್ನುವುದಕ್ಕೆ ಆ ಕಡೆಯವರಿಗೆ ದಾರಿ ಇರಬೇಕು. ಅವರಿಗೂ ನಿರ್ದೇಶಕರಿಗೂ ಈಗ ಮಾತು ಸರಿ ಇಲ್ಲದೆ ಇರಬಹುದು. ತಮ್ಮ ತಂಗಿಯ ಮಗಳೇ ಅದೇ ಕೆಲಸಕ್ಕೆ ಅರ್ಜಿ ಹಾಕಿರಬಹುದು. ಅದೆಲ್ಲ ನಮಗೆ ಹೇಳಬೇಕಾಗಿಲ್ಲ. "ಬೇಡಮ್ಮ" ಅಂದರೆ ಅಲ್ಲಿಗೆ ಬಿಟ್ಟುಬಿಡಿ.

ಮೇಡಂಗೆ ಅವಳ ಹೆಸರು ನೆನಪಿರಲಿಲ್ಲ. ಆದರೆ ಪ್ರಶ್ನೆ ನೆನಪಿತ್ತು. "ಓ, ನಿರ್ಣಯ ಪುಸ್ತಕ ಕೇಳಿದ್ದು ನೀನಾ!" ಅಂದರಂತೆ. ಆಮೇಲೆ, "ತರಬೇತಿಯಲ್ಲಿ ಇದ್ದೆ ಅಂತ ಬರಿ, ಅಡ್ಡಿ ಇಲ್ಲ. ನಾನು ಶಿಫಾರಸು ಮಾಡಿದೆ ಅಂತ ಮಾತ್ರ ಬರೀಬೇಡ, ನಿನ್ನ ಕೆಲಸ ನಾನು ನೋಡಿಲ್ಲವಲ್ಲ" ಅಂದರು. ಎಷ್ಟು ಸರಿಯಾದ ಮಾತು! ಅವರು ಎಲ್ಲಿಗೆ ಗೆರೆ ಎಳೆದರೋ ಅಲ್ಲಿಗೇ ನಮ್ಮ ಸಾಲು ನಿಲ್ಲಬೇಕು.

ಮೂರನೆಯದು, ಕಾಲೇಜಿನ ವಿಷಯ. "ಒಂದೇ ಕಾಲೇಜಿನವರು" ಅಂದರೆ ಒಟ್ಟಿಗೆ ಓದಿದವರು ಅಂತ ತಿಳಿಯುವವರೇ ಹೆಚ್ಚು. ಅದಕ್ಕೆ ಕೋರ್ಸು ಮತ್ತು ವರ್ಷ ಬರೆಯಬೇಕು. ಈ ಎರಡು ಇದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಕಾಲೇಜು ಮತ್ತು ವಿಶ್ವವಿದ್ಯಾನಿಲಯವನ್ನು ಕಲಸಬೇಡಿ. ಒಂದು ವಿಶ್ವವಿದ್ಯಾನಿಲಯದ ಕೆಳಗೆ ಹತ್ತಾರು ಊರುಗಳ ಕಾಲೇಜುಗಳು ಇರುತ್ತವೆ. ಇಬ್ಬರ ಸರ್ಟಿಫಿಕೇಟಿನ ಮೇಲೆ ಒಂದೇ ಮುದ್ರೆ ಇದ್ದ ಮಾತ್ರಕ್ಕೆ ಒಂದೇ ಕಾಲೇಜಿನವರು ಆಗುವುದಿಲ್ಲ. ಹಾಗೆಯೇ ಒಂದೇ ಕಾಲೇಜಿನವರ ಸರ್ಟಿಫಿಕೇಟಿನ ಮೇಲೆ ಬೇರೆ ಬೇರೆ ಮುದ್ರೆಯೂ ಇರಬಹುದು. ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾಗಿದ್ದು 1980ರಲ್ಲಿ. ಅದಕ್ಕೆ ಮುಂಚೆ ಮಂಗಳೂರಿನ ಕಾಲೇಜುಗಳಲ್ಲಿ ಪದವಿ ಪಡೆದ ಹಿರಿಯರಲ್ಲಿ ಅನೇಕರದ್ದು ಮೈಸೂರು ವಿಶ್ವವಿದ್ಯಾನಿಲಯದ ಪದವಿ. ಕಾಲೇಜಿನ ಹೆಸರೂ ಬದಲಾಗುತ್ತದೆ. ಬೆಂಗಳೂರಿನ ಕ್ರೈಸ್ಟ್ ಕಾಲೇಜು 2008ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಸೇಂಟ್ ಜೋಸೆಫ್ಸ್ ಅಂದರೆ ಯಾವ ಊರಿನದು, ಕಲಾ ವಿಭಾಗದ್ದೋ ವಾಣಿಜ್ಯದ್ದೋ ಇಂಜಿನಿಯರಿಂಗೋ ಅಂತ ಕೇಳಲೇಬೇಕು, ಆ ಹೆಸರಿನವು ಅಷ್ಟು ಇವೆ. ಆದ್ದರಿಂದ ನಿಮ್ಮ ಮಾರ್ಕ್ಸ್‌ಕಾರ್ಡಿನಲ್ಲಿ ಹೇಗಿದೆಯೋ ಹಾಗೆ ಊರಿನ ಹೆಸರು ಸಹಿತ ಬರೆಯಿರಿ.

ಇನ್ನೊಂದು ಸೂಕ್ಷ್ಮ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನೋ ಅಂಚೆ ಶಿಕ್ಷಣವನ್ನೋ ಮಾಡಿದವರು "ಅಲ್ಲಿ ಓದಿದೆ" ಅಂತ ಮಾತ್ರ ಬರೆದರೆ ಮೂರು ವರ್ಷದ ಪದವಿ ಅಂತ ಅನ್ನಿಸುತ್ತದೆ. "ಅಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಮಾಡಿದ್ದೇನೆ" ಅಂತ ಬರೆಯುವುದರಲ್ಲಿ ನಾಚಿಕೆ ಏನೂ ಇಲ್ಲ. ಅದೂ ಕಲಿತದ್ದೇ.

ಇಷ್ಟಾದ ಮೇಲೆ ಪತ್ರದ ಆ ಮೂರು ಸಾಲು ಹೀಗೆ ಬದಲಾಯಿತು:

"ತಮ್ಮ ಸಂಸ್ಥೆಯ ತರಬೇತಿ ವಿಭಾಗದ ಮೇಡಂ ಅವರು ಕಳೆದ ವರ್ಷ ನಡೆಸಿಕೊಟ್ಟ ಎರಡು ದಿನಗಳ ತರಬೇತಿಯಲ್ಲಿ ನಾನು ಭಾಗವಹಿಸಿದ್ದೆ. ತಮ್ಮ ಸಂಸ್ಥೆಯ ಕೆಲಸದ ಬಗ್ಗೆ ನನಗೆ ಮೊದಲು ತಿಳಿದದ್ದು ಅಲ್ಲಿ. ಅವರ ಹೆಸರನ್ನು ಅವರ ಅನುಮತಿ ಪಡೆದು ಬರೆಯುತ್ತಿದ್ದೇನೆ, ನನ್ನ ಕೆಲಸವನ್ನು ಅವರು ನೋಡಿಲ್ಲ. ತಾವು ಓದಿದ ಕಾಲೇಜಿನಲ್ಲಿಯೇ ನಾನು ಈ ವರ್ಷ ಬಿ.ಎಸ್.ಡಬ್ಲ್ಯೂ. ಮುಗಿಸಿದ್ದೇನೆ."

ಪತ್ರದಲ್ಲಿ ಮೇಡಂ ಅವರ ಹೆಸರನ್ನು ಪೂರ್ತಿಯಾಗಿ ಬರೆದಿದ್ದಳು, ಇಲ್ಲಿ ನಾನು ಬಿಟ್ಟಿದ್ದೇನೆ. ಅಲ್ಲಿಂದ ಮುಂದೆ ಪತ್ರ ಪೂರ್ತಿ ಅವಳದ್ದೇ ವಿಷಯ. ಕ್ಷೇತ್ರಕಾರ್ಯದಲ್ಲಿ ಎಷ್ಟು ಸಂಘಗಳ ಲೆಕ್ಕ ನೋಡಿದಳು, ಎಲ್ಲಿ ತಪ್ಪು ಕಂಡಳು, ಹೇಗೆ ಸರಿಪಡಿಸಿದಳು ಅಂತ ಬರೆದಳು. ಪರಿಚಯದ ಮಾತು ಬಾಗಿಲು ತಟ್ಟುವುದಕ್ಕೆ ಮಾತ್ರ. ಮೂರು ನಾಲ್ಕು ಸಾಲಿಗೆ ಮುಗಿಸಬೇಕು. ಪತ್ರದ ನಡುವೆ ಮತ್ತೆ ಮತ್ತೆ ಆ ಹೆಸರು ಬಂದರೆ, ಬರೆಯಲು ಸ್ವಂತದ್ದು ಏನೂ ಇಲ್ಲ ಅಂತ ಓದುವವರಿಗೆ ಗೊತ್ತಾಗಿಬಿಡುತ್ತದೆ.

ಅವಳು ಕೇಳಿದಳು, "ಸಿಸ್ಟರ್, ಕೆಲಸವನ್ನು ಅವರು ನೋಡಿಲ್ಲ ಅಂತ ನಾನೇ ಬರೆದುಕೊಂಡರೆ ನನ್ನ ಬೆಲೆ ಕಡಿಮೆ ಆಗಲ್ವಾ?" ಎಲ್ಲರಿಗೂ ಬರುವ ಸಂಶಯ ಇದು. ನಾನು ಹೇಳಿದೆ, ಆ ಸಾಲು ಓದಿದವರು ಮೊದಲು ಮೇಡಂ ಅವರನ್ನು ಕೇಳುತ್ತಾರೆ, ಮೇಡಂ ಕೂಡ ಅದೇ ಮಾತು ಹೇಳುತ್ತಾರೆ. ಎರಡೂ ತಾಳೆಯಾದಾಗ ಪತ್ರದ ಉಳಿದ ಮಾತುಗಳನ್ನೂ ಅವರು ನಂಬುತ್ತಾರೆ. ಇನ್ನೊಬ್ಬರ ಕೆಳಗೆ ನಿಜವಾಗಿ ಕೆಲಸ ಮಾಡಿದ್ದರೆ ಆ ಸಾಲಿನ ಅಗತ್ಯವೇ ಇಲ್ಲ, ಎಷ್ಟು ತಿಂಗಳು, ಏನು ಕೆಲಸ ಅಂತ ಬರೆದರೆ ಸಾಕು.

ಉತ್ತರ ಬಂತೇ ಅಂತ ನೀವು ಕೇಳುತ್ತೀರಿ. ಬಂತು. ಆ ಹುದ್ದೆಗೆ ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದರು. ಆದರೆ ನಿರ್ದೇಶಕರು ಫೋನ್ ಮಾಡಿ ಕಾಲೇಜಿನ ಹಳೆಯ ಕ್ಷೇತ್ರಕಾರ್ಯದ ಹಳ್ಳಿಗಳ ಬಗ್ಗೆ ವಿಚಾರಿಸಿದರು, ಮುಂದಿನ ಯೋಜನೆಗೆ ಜನ ಬೇಕಾದಾಗ ತಿಳಿಸುತ್ತೇವೆ ಅಂದರು. ಎರಡು ತಿಂಗಳ ನಂತರ ಸಂದರ್ಶನಕ್ಕೆ ಕರೆ ಬಂತು. ಆಯ್ಕೆ ಆಗುತ್ತಾಳೋ ಇಲ್ಲವೋ ಅವಳ ಕೈಯಲ್ಲಿದೆ. ಮೇಡಂ ಅವರಿಗೆ ಒಂದು ಮಾತು ತಿಳಿಸು ಅಂತ ನಾನು ನೆನಪಿಸಿದೆ. ಹೆಸರು ಕೊಟ್ಟವರಿಗೆ ಮುಂದೇನಾಯಿತು ಅಂತ ಹೇಳುವುದು ನಮ್ಮ ಕರ್ತವ್ಯ, ಕೆಲಸ ಸಿಗದಿದ್ದರೂ ಸರಿ.

ಈಗ ಮೊಬೈಲಿನ ವಿಷಯ. ನಿಮ್ಮಲ್ಲಿ ಕೆಲವರು ಲಿಂಕ್ಡ್‌ಇನ್ ಬಳಸುತ್ತೀರಿ. ಅಲ್ಲಿ ಒಬ್ಬರ ಹೆಸರಿನ ಪಕ್ಕ 2nd ಅಂತ ಇದ್ದರೆ, ಅವರಿಗೂ ನಿಮಗೂ ಕೊಂಡಿ ಇರುವ ಯಾರೋ ಒಬ್ಬರು ನಡುವೆ ಇದ್ದಾರೆ ಅಂತ ಅರ್ಥ. ಆ ನಡುವಿನವರನ್ನು mutual connection ಅಂತ ತೋರಿಸುತ್ತದೆ. ಆ ಗುರುತು ಹೇಳುವುದು ಅಷ್ಟೇ. ಆ ನಡುವಿನವರು ನಿಮ್ಮನ್ನು ಬಲ್ಲರೋ, ಆ ಕಡೆಯವರನ್ನು ಬಲ್ಲರೋ ಅದಕ್ಕೆ ಗೊತ್ತಿಲ್ಲ. ಗುರುತಿಲ್ಲದವರು ಕೇಳಿದರೂ ಒಪ್ಪಿಕೊಂಡುಬಿಡುವ ಜನ ಅಲ್ಲಿ ಬೇಕಾದಷ್ಟು ಇದ್ದಾರೆ. ಹಾಗಾಗಿ "ನಮ್ಮಿಬ್ಬರಿಗೂ ಇಂಥವರು ಪರಿಚಯ" ಅಂತ ಪರದೆ ನೋಡಿ ಬರೆಯಬೇಡಿ. ನೀವು ಅವರನ್ನು ಎಲ್ಲಿ ಕಂಡಿರಿ, ಏನು ಮಾತಾಡಿದಿರಿ ಅಂತ ಒಂದು ಸಾಲು ಹೇಳಲು ಬರುತ್ತದೆಯೇ? ಬಂದರೆ ಬರೆಯಿರಿ, ಇಲ್ಲದಿದ್ದರೆ ಆ ಹೆಸರನ್ನು ಬಿಡಿ. ವಾಟ್ಸಾಪ್ ಗುಂಪಿಗೂ ಇದೇ ಮಾತು. ಹಳೆಯ ವಿದ್ಯಾರ್ಥಿಗಳ ಗುಂಪಿನಿಂದ ನಂಬರು ತೆಗೆದುಕೊಂಡಿದ್ದರೆ, "ನಿಮ್ಮ ನಂಬರು ಕಾಲೇಜಿನ ಗುಂಪಿನಿಂದ ಸಿಕ್ಕಿತು" ಅಂತ ಮೊದಲ ಸಾಲಿನಲ್ಲೇ ಹೇಳಿಬಿಡಿ.

ದೊಡ್ಡವರ ಹೆಸರಿನ ಬಗ್ಗೆ ಒಂದು ಮಾತು. ಬಿಷಪರ ಜೊತೆ ತೆಗೆಸಿಕೊಂಡ ಫೋಟೋ, ಶಾಸಕರು ನಮ್ಮ ಮನೆಗೆ ಬಂದಿದ್ದು, ಇವನ್ನೆಲ್ಲ ಕೆಲಸದ ಪತ್ರದಲ್ಲಿ ತಂದರೆ ಓದುವವರಿಗೆ ಅದು ಒತ್ತಡದ ಹಾಗೆ ಕೇಳಿಸುತ್ತದೆ. ನಮ್ಮ ಗುರುಗಳು ಕೊಡುವ ಪತ್ರವೂ ಇದೆ. ವಿಚಾರಣಾ ಗುರುಗಳು ನಿಮ್ಮ ಕುಟುಂಬವನ್ನು ಬಲ್ಲರು, ನಡತೆಯನ್ನು ಬಲ್ಲರು, ಅದನ್ನು ಬರೆದುಕೊಡುತ್ತಾರೆ. ಆ ಪತ್ರವನ್ನು ಅಷ್ಟಕ್ಕೇ ಬಳಸಿ. ನಿಮಗೆ ಟ್ಯಾಲಿ ಬರುತ್ತದೆ ಅನ್ನುವುದಕ್ಕೆ ಅವರನ್ನು ಸಾಕ್ಷಿ ಮಾಡಬೇಡಿ.

ಸರ್ಕಾರಿ ನೇಮಕಾತಿಯಲ್ಲಿ ಮಾತ್ರ ಈ ಯಾವ ಹೆಸರೂ ಬೇಡ. ಅಧಿಸೂಚನೆಯನ್ನು ಕೊನೆಯವರೆಗೆ ಓದಿ. ಯಾವುದೇ ರೀತಿಯಲ್ಲಿ ಪ್ರಭಾವ ಬೀರಲು ಪ್ರಯತ್ನಿಸಿದರೆ ಅಭ್ಯರ್ಥಿ ಅನರ್ಹ ಎಂಬ ಷರತ್ತು ಅನೇಕ ಅಧಿಸೂಚನೆಗಳಲ್ಲಿ ಇರುತ್ತದೆ. ನೀವು ನಿಜ ಹೇಳಿದರೂ ಅಲ್ಲಿ ಅದು ನಿಮಗೇ ತೊಂದರೆ. ಅರ್ಜಿ ನಮೂನೆಯಲ್ಲೇ ಪರಿಚಿತರ ಹೆಸರು ಕೇಳಿದ್ದರೆ ಕೇಳಿದಷ್ಟು ತುಂಬಿ, ಅಷ್ಟೇ. ಖಾಸಗಿ ಸಂಸ್ಥೆಯಲ್ಲಿ ಸಂದರ್ಶನ ಮಾಡುವವರೇ ನಿಮ್ಮ ಸಂಬಂಧಿಕರೋ ಹಳೆಯ ಮೇಷ್ಟರೋ ಆಗಿದ್ದರೆ, ಸಂದರ್ಶನಕ್ಕೆ ಮುಂಚೆಯೇ ಕಚೇರಿಗೆ ತಿಳಿಸಿ. ಇಲ್ಲಿ ಹೇಳಿಕೊಳ್ಳುವುದು ತಪ್ಪಲ್ಲ, ಮುಚ್ಚಿಡುವುದೇ ತಪ್ಪು. ನೀವು ಅರ್ಹತೆಯಿಂದಲೇ ಆಯ್ಕೆಯಾದರೂ ನಾಳೆ ಯಾರಾದರೂ ಬೆರಳು ತೋರಿಸಬಹುದು, ಅದಕ್ಕೆ.

ಕೊನೆಗೆ, ಆಗಲೇ ಹೆಚ್ಚು ಹೇಳಿಬಿಟ್ಟಿದ್ದರೆ ಏನು ಮಾಡುವುದು? ತಾನಾಗಿ ಮರೆತುಹೋಗಲಿ ಅಂತ ಕಾಯಬೇಡಿ. "ನಿನ್ನೆ ಅವರನ್ನು ಚೆನ್ನಾಗಿ ಬಲ್ಲೆ ಅಂದೆ, ನಿಜವಾಗಿ ಒಂದು ಸಲ ಭೇಟಿಯಾಗಿದ್ದೇನೆ, ಅಷ್ಟೇ. ತಪ್ಪಾಗಿ ತಿಳಿಯಬೇಡಿ" ಅಂತ ಮರುದಿನವೇ ಹೇಳಿಬಿಡಿ. ಆ ಅಧಿಕಾರಿಯ ಮುಂದೆ ನಾನು ತೊದಲುವ ಬದಲು ಈ ಒಂದು ಮಾತು ಹೇಳಿದ್ದರೆ ಆ ತಾಯಂದಿರ ಬಸ್ಸಿನ ದುಡ್ಡು ಉಳಿಯುತ್ತಿತ್ತೋ ಏನೋ.

ಈಗ ಎಲ್ಲರೂ ಪೆನ್ನು ತೆಗೆಯಿರಿ. ನೀವು ಪತ್ರದಲ್ಲಿ ಬರೆಯಬೇಕೆಂದಿರುವ ಒಬ್ಬರ ಹೆಸರು ಬರೆಯಿರಿ. ಅದರ ಕೆಳಗೆ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ. ಎಲ್ಲಿ, ಯಾವಾಗ ಪರಿಚಯ? ನನ್ನ ಬಗ್ಗೆ ಅವರಿಗೆ ನಿಜವಾಗಿ ಏನು ಗೊತ್ತು? ಹೆಸರು ಬರೆಯಲು ಅವರನ್ನು ಕೇಳಿದ್ದೇನೆಯೇ? ಬರೆದಾದ ಮೇಲೆ ಪಕ್ಕದಲ್ಲಿ ಕೂತವರಿಗೆ ಕೊಡಿ. ಅವರು ಓದಿ, ತಮಗೆ ಏನು ಅರ್ಥವಾಯಿತು ಅಂತ ನಿಮಗೆ ಹೇಳಲಿ. ನೀವು ಅಂದುಕೊಂಡದ್ದಕ್ಕಿಂತ ಹೆಚ್ಚು ಅವರಿಗೆ ಅರ್ಥವಾಗಿದ್ದರೆ, ಆ ಸಾಲನ್ನು ಇನ್ನೊಮ್ಮೆ ಬರೆಯೋಣ. ಚಹಾಕ್ಕೆ ಇನ್ನೂ ಇಪ್ಪತ್ತು ನಿಮಿಷ ಇದೆ.